ಕಂತು ಕಟ್ಟಬಹುದೇ? ಬ್ಯಾಂಕಿಗೆ ಹೋಗುವ ಮೊದಲು ಒಂದು ಹಾಳೆ

ಮೈಸೂರಿನಲ್ಲಿ 50 ಲಕ್ಷದ ಫ್ಲ್ಯಾಟ್ ನೋಡಿರುವ, 38 ವರ್ಷದ ನೌಕರರೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸಂಬಳ ಒಂದು ಲಕ್ಷ, ಕಡಿತವೆಲ್ಲ ಆಗಿ ಕೈಗೆ ಬರುವುದು 85,000. ಕಾರಿನ ಕಂತು ತಿಂಗಳಿಗೆ 6,000 ಹೋಗುತ್ತಿದೆ. ಬೇಕಾಗಿರುವ ಗೃಹಸಾಲ 40 ಲಕ್ಷ. ಬ್ಯಾಂಕ್ 8% ಬಡ್ಡಿ, 20 ವರ್ಷ ಎನ್ನುತ್ತದೆ. ಕಂತು 33,458 ಬರುತ್ತದೆ. ಕಾರಿನ ಕಂತನ್ನೂ ಸೇರಿಸಿ ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕಿದರೆ 39.5%. ಬ್ಯಾಂಕಿನವರಿಗೆ ಇದು ಸಲೀಸಾದ ಅರ್ಜಿ. ಆದರೆ ಮನೆ ನಡೆಯುವುದು ಕೈಗೆ ಬಂದ ಹಣದಲ್ಲಿ. ಅದರ ಮೇಲೆ ಲೆಕ್ಕ ಹಾಕಿದರೆ ಇದೇ ಕಂತು 46.4% ಆಗುತ್ತದೆ.

ಈ ಒಂದು ಅಂಕಿಯನ್ನು ನೋಡಿ ತೀರ್ಮಾನಿಸಬಾರದು. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಚಿಕ್ಕದೊಂದು ಕೋಷ್ಟಕ ಮಾಡಿಕೊಳ್ಳಿ. B1ರಲ್ಲಿ ಸಾಲದ ಮೊತ್ತ, B2ರಲ್ಲಿ ಕೈಗೆ ಬರುವ ಸಂಬಳ, B3ರಲ್ಲಿ ಈಗಾಗಲೇ ಇರುವ ಕಂತುಗಳು. ಐದನೇ ಸಾಲಿನಲ್ಲಿ B5ರಿಂದ ಅಡ್ಡಕ್ಕೆ 15, 20, 25, 30 ಎಂದು ವರ್ಷಗಳು. A6ರಿಂದ ಕೆಳಕ್ಕೆ 8%, 9%, 10% ಎಂದು ಬಡ್ಡಿದರಗಳು. B6ರಲ್ಲಿ ಈ ಸೂತ್ರ ಬರೆದು ಉಳಿದ ಮನೆಗಳಿಗೆ ಎಳೆಯಿರಿ:

```
=(-PMT($A6/12,B$5*12,$B$1)+$B$3)/$B$2
```

ಡಾಲರ್ ಗುರುತು ಬಿಟ್ಟುಹೋದರೆ ಎಳೆದಾಗ ಸೂತ್ರ ಬೇರೆ ಮನೆಗಳಿಗೆ ಜಾರುತ್ತದೆ. ಬಡ್ಡಿಯನ್ನು 12ರಿಂದ ಭಾಗಿಸುವುದು ಮರೆತರೆ ಕಂತು ಹಲವು ಪಟ್ಟು ಹೆಚ್ಚಿಗೆ ಬರುತ್ತದೆ. ಸೂತ್ರ ಸರಿಯಿದೆಯೇ ಎಂದು ನೋಡಲು ಬೇರೊಂದು ಮನೆಯಲ್ಲಿ PMT ಭಾಗವನ್ನಷ್ಟೇ ಬರೆದು ಒಂದು ಲಕ್ಷ, 8%, 20 ವರ್ಷ ಕೊಡಿ. 836 ರೂಪಾಯಿ ಬರಬೇಕು.

ಈಗ ನಮ್ಮ ನೌಕರರ ಕೋಷ್ಟಕ ನೋಡಿ. 20 ವರ್ಷದ ಕಂಬದಲ್ಲಿ 8%ಗೆ 46.4, 9%ಗೆ 49.4, 10%ಗೆ 52.5. ಅವಧಿಯನ್ನು 30 ವರ್ಷಕ್ಕೆ ಎಳೆದರೆ 8%ಗೆ 41.6ಕ್ಕೆ ಇಳಿಯುತ್ತದೆ. ಹಾಗಾದರೆ 30 ವರ್ಷವೇ ಒಳ್ಳೆಯದಲ್ಲವೇ? ತಿಂಗಳಿಗೆ ಉಳಿಯುವುದು ಸುಮಾರು 4,100 ರೂಪಾಯಿ, ಆದರೆ ಒಟ್ಟು ಬಡ್ಡಿ 40 ಲಕ್ಷದಿಂದ 65 ಲಕ್ಷ ದಾಟುತ್ತದೆ. ಅದಕ್ಕಿಂತ ಮುಖ್ಯವಾದ ಮಾತು, 38ಕ್ಕೆ 30 ಸೇರಿದರೆ 68. ಅರವತ್ತಕ್ಕೆ ನಿವೃತ್ತರಾಗುವವರಿಗೆ 25 ಮತ್ತು 30ರ ಕಂಬಗಳು ಇಲ್ಲವೆಂದೇ ತಿಳಿಯಬೇಕು. ಅವೆರಡನ್ನೂ ಅಳಿಸಿಬಿಡಿ. 15 ವರ್ಷಕ್ಕೆ ಮೊದಲ ಸಾಲಿನಲ್ಲೇ 52% ಆಗುವುದರಿಂದ ಅದೂ ಹೋಯಿತು. ಉಳಿದದ್ದು 20ರ ಕಂಬ ಒಂದೇ.

ಬಡ್ಡಿ 10% ಎಲ್ಲಿಗೆ ಬರುತ್ತದೆ ಎನ್ನುವವರು 2022ನ್ನು ನೆನೆಯಬೇಕು. ಆ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ 4% ಇದ್ದ ರೆಪೊ ದರವನ್ನು ಏರಿಸತೊಡಗಿ 2023ರ ಫೆಬ್ರುವರಿ ಹೊತ್ತಿಗೆ 6.5%ಗೆ ತಂದಿತು. ರೆಪೊಗೆ ಜೋಡಿಸಿದ ಗೃಹಸಾಲಗಳ ಬಡ್ಡಿಯೂ ಅದರ ಹಿಂದೆಯೇ ಏರಿತು. ಆದರೂ ಎಷ್ಟೋ ಮನೆಗಳಿಗೆ ಅದು ತಿಳಿಯಲೇ ಇಲ್ಲ, ಏಕೆಂದರೆ ಬ್ಯಾಂಕುಗಳು ಕಂತನ್ನು ಹಾಗೇ ಬಿಟ್ಟು ಅವಧಿಯನ್ನು ಉದ್ದ ಮಾಡಿದವು.

ನಮ್ಮ ಕೋಷ್ಟಕವೂ ಹೇಳದ ಅಪಾಯ ಇದು. ಕಂತು 33,458ರಲ್ಲೇ ನಿಂತರೆ ಸಂಬಳದ ಪಾಲು 46.4% ದಾಟುವುದೇ ಇಲ್ಲ, ಎಲ್ಲ ಸರಿಯಿರುವಂತೆ ಕಾಣುತ್ತದೆ. ಸಾಲದ ಆರಂಭದಲ್ಲೇ ಬಡ್ಡಿ 10% ಆಯಿತೆನ್ನಿ. 40 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 33,333. ಅಸಲಿಗೆ ಸಲ್ಲುವುದು ಬರೀ 125 ರೂಪಾಯಿ. ಪಕ್ಕದ ಮನೆಯಲ್ಲಿ ಇದನ್ನು ಬರೆದು ನೋಡಿ:

```
=NPER(10%/12,-33458,4000000)
```

ಉತ್ತರ ಸುಮಾರು 674 ತಿಂಗಳು, ಅಂದರೆ 56 ವರ್ಷ! 9% ಆದರೂ 20 ವರ್ಷದ ಸಾಲ 25 ವರ್ಷ ಮೀರುತ್ತದೆ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ಬಡ್ಡಿ ಬದಲಾಗುವಾಗ ಕಂತು ಏರಿಸುವುದೋ ಅವಧಿ ಹೆಚ್ಚಿಸುವುದೋ ಎಂಬ ಆಯ್ಕೆಯನ್ನು ಗ್ರಾಹಕರಿಗೆ ಕೊಡಬೇಕೆಂದು ಸೂಚಿಸಿತು. ಬ್ಯಾಂಕಿನಿಂದ ಅಂಥ ಸಂದೇಶ ಬಂದಾಗ ಓದದೆ ಬಿಡಬೇಡಿ.

ಆದ್ದರಿಂದ ಲೆಕ್ಕವನ್ನು ಹಿಂದುಮುಂದಾಗಿ ಹಾಕುವುದು ಮೇಲು. ಎಲ್ಲ ಕಂತುಗಳೂ ಸೇರಿ ಕೈಗೆ ಬರುವ ಸಂಬಳದ 45% ಮೀರಬಾರದು ಎಂದು ಮಿತಿ ಹಾಕಿಕೊಳ್ಳಿ. ಮಕ್ಕಳ ಶಾಲೆ ಶುಲ್ಕ, ಹಿರಿಯರ ಔಷಧಿ ಇರುವ ಮನೆಗೆ ಇನ್ನೂ ಕಡಿಮೆ ಇರಲಿ. 85,000ದ 45% ಅಂದರೆ 38,250. ಕಾರಿನ 6,000 ಕಳೆದರೆ 32,250. ಬಡ್ಡಿ 10% ಆದರೂ 20 ವರ್ಷದಲ್ಲಿ ಈ ಕಂತಿಗೆ ತೀರುವ ಸಾಲ ಸುಮಾರು 33.4 ಲಕ್ಷ. ಕೇಳಿದ 40 ಲಕ್ಷಕ್ಕಿಂತ 6.6 ಲಕ್ಷ ಕಡಿಮೆ.

ಈ ಅಂತರವನ್ನು ಉಳಿತಾಯದಿಂದ ತುಂಬಬಹುದು, ಅಗ್ಗದ ಮನೆ ಹುಡುಕಬಹುದು. ಇನ್ನೊಂದು ದಾರಿ B3ರಲ್ಲೇ ಇದೆ. ಅಲ್ಲಿ 6,000 ಅಳಿಸಿ ಸೊನ್ನೆ ಹಾಕಿದರೆ, ಅದೇ 10%, ಅದೇ 20 ವರ್ಷ, ಅದೇ 45%ಗೆ 39.6 ಲಕ್ಷ ಸಾಲ ಹೊಂದುತ್ತದೆ. ಕಾರಿನ ಸಾಲ ಇನ್ನೊಂದು ವರ್ಷದಲ್ಲಿ ಮುಗಿಯುವಂತಿದ್ದರೆ, ಅದನ್ನು ಮೊದಲು ತೀರಿಸಿ ಆಮೇಲೆ ಗೃಹಸಾಲಕ್ಕೆ ಅರ್ಜಿ ಹಾಕಿ.