ಕೂಲಿ, ತೊಗರಿ, ಜೋಳ: ಮೂರು ದರಗಳನ್ನು ನೂರರಿಂದ ಆರಂಭಿಸಿ ಹೋಲಿಸುವ ಕ್ರಮ



ಯಡ್ರಾಮಿ ಹಾಗೂ ಜೇವರ್ಗಿ ಭಾಗದ ಎರೆ ಭೂಮಿಯಲ್ಲಿ ತೊಗರಿ ಮಾರಾಟದ ಬೆಳೆ, ಜೋಳ ಊಟದ ಬೆಳೆ. ಹೊಲವಿಲ್ಲದ ಅಥವಾ ಅಲ್ಪ ಹೊಲವಿರುವ ಕುಟುಂಬಗಳಿಗೆ ಉದ್ಯೋಗ ಖಾತ್ರಿಯ ಕೂಲಿಯೇ ಆಸರೆ. ಆದುದರಿಂದ ಗ್ರಾಮ ಸಭೆಯಲ್ಲಿ ಹೀಗೊಂದು ಪ್ರಶ್ನೆ ಬರುವುದು ಸಹಜ: ತೊಗರಿಯ ಬೆಲೆ ಏರಿದಷ್ಟು ನಮ್ಮ ಕೂಲಿ ಏರಿದೆಯೇ? ಏರಿದ ಕೂಲಿಯಲ್ಲಿ ಮೊದಲಿನಷ್ಟು ಜೋಳ ಬರುತ್ತದೆಯೇ?

ಈ ಪ್ರಶ್ನೆಗೆ ದರಗಳನ್ನು ಓದಿ ಹೇಳಿದ ಮಾತ್ರಕ್ಕೆ ಉತ್ತರ ದೊರೆಯುವುದಿಲ್ಲ. ಕೂಲಿಯನ್ನು ದಿನಕ್ಕೆ ಇಷ್ಟು ರೂಪಾಯಿ ಎಂದು ಅಳೆಯುತ್ತೇವೆ, ತೊಗರಿಯನ್ನು ಕ್ವಿಂಟಲಿಗೆ ಇಷ್ಟು ರೂಪಾಯಿ ಎಂದು ಅಳೆಯುತ್ತೇವೆ. 2018-19ರಿಂದ 2025-26ರವರೆಗೆ ತೊಗರಿಯ ಬೆಂಬಲ ಬೆಲೆ 2,325 ರೂಪಾಯಿ ಹೆಚ್ಚಿದೆ, ಕೂಲಿ 121 ರೂಪಾಯಿ ಹೆಚ್ಚಿದೆ. ಇವೆರಡನ್ನು ಅಕ್ಕಪಕ್ಕ ಇಟ್ಟರೆ ಕೂಲಿ ಬಹಳ ಹಿಂದೆ ಬಿದ್ದಂತೆ ತೋರುತ್ತದೆ. ಆದರೆ ಒಂದರ ಆರಂಭ 5,675, ಇನ್ನೊಂದರ ಆರಂಭ 249. ಆರಂಭವೇ ಬೇರೆಯಾದಾಗ ಹೆಚ್ಚಳದ ರೂಪಾಯಿಗಳನ್ನು ಹೋಲಿಸುವುದು ನ್ಯಾಯವಲ್ಲ. ಎಲ್ಲ ದರಗಳೂ ಒಂದೇ ಗೆರೆಯಿಂದ ಹೊರಡುವಂತೆ ಮಾಡಬೇಕು. ಆ ಗೆರೆಗೆ ನೂರು ಎಂದು ಹೆಸರಿಡುವುದೇ ಸೂಚ್ಯಂಕದ ಕ್ರಮ.

ಲೆಕ್ಕ ಮಾಡುವ ವಿಧಾನ

ಮೊದಲು ಎಲ್ಲ ದರಗಳೂ ಲಭ್ಯವಿರುವ ಒಂದು ವರ್ಷವನ್ನು ಆರಿಸಿಕೊಳ್ಳಬೇಕು. ಇದು ಆಧಾರ ವರ್ಷ. ಆ ವರ್ಷದ ಪ್ರತಿಯೊಂದು ದರವನ್ನೂ 100 ಎಂದು ಭಾವಿಸಬೇಕು. ಅನಂತರ ಬೇರೆ ವರ್ಷದ ದರವನ್ನು ಅದೇ ವಸ್ತುವಿನ ಆಧಾರ ವರ್ಷದ ದರದಿಂದ ಭಾಗಿಸಿ, ಬಂದುದನ್ನು 100ರಿಂದ ಗುಣಿಸಬೇಕು. ಕೂಲಿಯನ್ನು ಕೂಲಿಯಿಂದಲೇ, ತೊಗರಿಯನ್ನು ತೊಗರಿಯಿಂದಲೇ ಭಾಗಿಸುವುದರಿಂದ ದಿನ, ಕ್ವಿಂಟಲ್ ಎಂಬ ಅಳತೆಗಳು ಕಳಚಿಹೋಗುತ್ತವೆ. ಉಳಿಯುವುದು ಬೆಳವಣಿಗೆ ಮಾತ್ರ.

ಕರ್ನಾಟಕಕ್ಕೆ ಅಧಿಸೂಚಿಸಲಾದ ಉದ್ಯೋಗ ಖಾತ್ರಿ ಕೂಲಿ ದರ ಹಾಗೂ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆಗಳು ಇಂತಿವೆ:

| ವರ್ಷ | ಕೂಲಿ (ದಿನಕ್ಕೆ ರೂ.) | ತೊಗರಿ (ಕ್ವಿಂಟಲಿಗೆ ರೂ.) | ಮಾಲ್ದಂಡಿ ಜೋಳ (ಕ್ವಿಂಟಲಿಗೆ ರೂ.) |
|---|---|---|---|
| 2018-19 | 249 | 5,675 | 2,450 |
| 2021-22 | 289 | 6,300 | 2,758 |
| 2023-24 | 316 | 7,000 | 3,225 |
| 2025-26 | 370 | 8,000 | 3,749 |

2018-19ನ್ನು ಆಧಾರ ವರ್ಷವಾಗಿ ಇಟ್ಟುಕೊಳ್ಳೋಣ. 2025-26ರ ಕೂಲಿ 370. ಅದನ್ನು 249ರಿಂದ ಭಾಗಿಸಿದರೆ 1.486, ನೂರರಿಂದ ಗುಣಿಸಿದರೆ 148.6. ತೊಗರಿಗೆ 8,000ವನ್ನು 5,675ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 141.0 ಬರುತ್ತದೆ. ಉಳಿದವನ್ನೂ ಹೀಗೆಯೇ ಮಾಡಿದಾಗ ಈ ಕೋಷ್ಟಕ ಸಿದ್ಧವಾಗುತ್ತದೆ:

| ವರ್ಷ | ಕೂಲಿ | ತೊಗರಿ | ಮಾಲ್ದಂಡಿ ಜೋಳ |
|---|---|---|---|
| 2018-19 | 100 | 100 | 100 |
| 2021-22 | 116.1 | 111.0 | 112.6 |
| 2023-24 | 126.9 | 123.3 | 131.6 |
| 2025-26 | 148.6 | 141.0 | 153.0 |

ಈಗ ಚಿತ್ರ ಬದಲಾಗಿದೆ. ರೂಪಾಯಿ ಲೆಕ್ಕದಲ್ಲಿ ಹಿಂದೆ ಬಿದ್ದಂತೆ ಕಂಡ ಕೂಲಿಯು ತೊಗರಿಯ ಬೆಂಬಲ ಬೆಲೆಗಿಂತ ವೇಗವಾಗಿಯೇ ಏರಿದೆ. ಆದರೆ ಜೋಳದ ಅಂಕಣವನ್ನೂ ನೋಡಬೇಕು. 2021-22ರಲ್ಲಿ ಕೂಲಿ ಜೋಳಕ್ಕಿಂತ ಮುಂದಿತ್ತು. 2023-24ರ ಹೊತ್ತಿಗೆ ಜೋಳ ಕೂಲಿಯನ್ನು ದಾಟಿತು. 2025-26ರಲ್ಲಿಯೂ ಮುಂದೆಯೇ ಇದೆ.

ಲೆಕ್ಕ ಸರಿಯೇ ಎಂದು ಪರೀಕ್ಷಿಸುವುದು

ಕೂಲಿಯ ಸೂಚ್ಯಂಕವನ್ನು ಜೋಳದ ಸೂಚ್ಯಂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ 97.1 ಬರುತ್ತದೆ. ಇದರ ಅರ್ಥವನ್ನು ಕಾಳಿನ ಲೆಕ್ಕದಲ್ಲಿ ನೋಡಬಹುದು. 2018-19ರಲ್ಲಿ ಬೆಂಬಲ ಬೆಲೆಯ ಪ್ರಕಾರ ಜೋಳ ಕಿಲೋಗೆ 24.50 ರೂಪಾಯಿ. ಒಂದು ದಿನದ ಕೂಲಿ 249 ರೂಪಾಯಿಗೆ 10.16 ಕಿಲೋ ಜೋಳ ಬರುತ್ತಿತ್ತು. 2025-26ರಲ್ಲಿ ಕಿಲೋಗೆ 37.49 ರೂಪಾಯಿ, 370 ರೂಪಾಯಿಗೆ 9.87 ಕಿಲೋ. ಹತ್ತು ಕಿಲೋಗೆ ಸುಮಾರು ಮುನ್ನೂರು ಗ್ರಾಂ ಕಡಿಮೆಯಾಗಿದೆ. 9.87ನ್ನು 10.16ರಿಂದ ಭಾಗಿಸಿ ನೂರರಿಂದ ಗುಣಿಸಿದರೂ ಅದೇ 97.1 ದೊರೆಯುತ್ತದೆ. ಎರಡು ದಾರಿಗಳೂ ಒಂದೇ ಉತ್ತರಕ್ಕೆ ಬಂದುದರಿಂದ ಲೆಕ್ಕ ಸರಿಯಿದೆ ಎಂದು ತಿಳಿಯಬಹುದು.

ಇಲ್ಲಿ ಒಂದು ಮಿತಿಯನ್ನು ಮರೆಯಬಾರದು. ಬೆಂಬಲ ಬೆಲೆ ಸರ್ಕಾರದ ಘೋಷಣೆ. ಕೂಲಿಕಾರರು ಜೋಳ ಕೊಳ್ಳುವುದು ಸಂತೆಯ ಬೆಲೆಗೆ. ಗ್ರಾಮ ಸಭೆಗೆ ನಿಖರವಾದ ಉತ್ತರ ಕೊಡಬೇಕಾದರೆ ಪ್ರತಿವರ್ಷದ ಒಂದೇ ತಿಂಗಳಿನ ಮಾರುಕಟ್ಟೆ ದರಗಳನ್ನು ಪಡೆದು ಇದೇ ಲೆಕ್ಕವನ್ನು ಮಾಡಬೇಕು. ಒಂದು ವರ್ಷ ಸುಗ್ಗಿಯ ದರ, ಇನ್ನೊಂದು ವರ್ಷ ಮಳೆಗಾಲದ ದರ ತೆಗೆದುಕೊಂಡರೆ ಋತುವಿನ ಏರಿಳಿತವೇ ಬೆಳವಣಿಗೆಯಂತೆ ಕಾಣುತ್ತದೆ. ಹಾಗೆಯೇ ಕೂಲಿ ದರದ ಸೂಚ್ಯಂಕವು ಕುಟುಂಬದ ಆದಾಯದ ಸೂಚ್ಯಂಕವಲ್ಲ. ದರ ಏರಿದರೂ ದೊರೆತ ಕೆಲಸದ ದಿನಗಳು ಕಡಿಮೆಯಾಗಿದ್ದರೆ ಕೈಗೆ ಬಂದ ಹಣ ಇಳಿದಿರಬಹುದು.

ಆಧಾರ ವರ್ಷ ಬದಲಾದರೆ ಏನಾಗುತ್ತದೆ

ಸೂಚ್ಯಂಕದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಎಡೆಯಾಗುವುದು ಆಧಾರ ವರ್ಷದ ಆಯ್ಕೆಯಲ್ಲಿ. ಒಂದೇ ವರ್ಷ ಹಿಂದಕ್ಕೆ ಹೋಗಿ 2017-18ನ್ನು ನೂರು ಎಂದು ಇಟ್ಟುಕೊಳ್ಳೋಣ. ಆ ವರ್ಷ ಕೂಲಿ 236, ತೊಗರಿ 5,450, ಮಾಲ್ದಂಡಿ ಜೋಳ 1,725 ರೂಪಾಯಿ ಇತ್ತು. ಆಗ 2025-26ರ ಸೂಚ್ಯಂಕಗಳು ಹೀಗಾಗುತ್ತವೆ: ಕೂಲಿ 156.8, ತೊಗರಿ 146.8, ಜೋಳ 217.3.

ಮೊದಲಿನ ಕೋಷ್ಟಕದಲ್ಲಿ ಕೂಲಿಗೂ ಜೋಳಕ್ಕೂ ಇದ್ದ ಅಂತರ 4.4 ಅಂಶ, ಈಗ 60.5 ಅಂಶ. ದರಗಳು ಅವೇ, ಲೆಕ್ಕದಲ್ಲಿಯೂ ತಪ್ಪಿಲ್ಲ. ಬದಲಾದದ್ದು ಆರಂಭದ ಗೆರೆ ಮಾತ್ರ. 2018-19ರ ಕೇಂದ್ರ ಬಜೆಟ್ಟಿನಲ್ಲಿ ಮುಂಗಾರು ಬೆಳೆಗಳ ಬೆಂಬಲ ಬೆಲೆಯನ್ನು ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟಿಗೆ ಏರಿಸುವುದಾಗಿ ಪ್ರಕಟಿಸಲಾಯಿತು. ಆ ವರ್ಷ ಮಾಲ್ದಂಡಿ ಜೋಳದ ಬೆಂಬಲ ಬೆಲೆ 1,725ರಿಂದ 2,450ಕ್ಕೆ, ಅಂದರೆ ಶೇಕಡಾ 42ರಷ್ಟು, ಒಮ್ಮೆಗೇ ಏರಿತು. ತೊಗರಿಯ ಏರಿಕೆ ಶೇಕಡಾ 4ರಷ್ಟು ಮಾತ್ರ ಇತ್ತು. 2017-18ರಿಂದ ಎಣಿಸಿದರೆ ಆ ಒಂದು ನೆಗೆತವು ಮುಂದಿನ ಎಲ್ಲ ವರ್ಷಗಳ ಅಂಕಿಯೊಳಗೂ ಸೇರಿಕೊಳ್ಳುತ್ತದೆ. 2018-19ರಿಂದ ಎಣಿಸಿದರೆ ಅದು ಹೊರಗೆ ಉಳಿಯುತ್ತದೆ.

ಎರಡೂ ಸತ್ಯವೇ. ಆದರೆ ಒಂದನ್ನೇ ತೋರಿಸಿ ಇನ್ನೊಂದನ್ನು ಮರೆಮಾಡಿದರೆ ಸಭೆ ತಪ್ಪು ದಾರಿ ಹಿಡಿಯುತ್ತದೆ. ಆದುದರಿಂದ ಸೂಚ್ಯಂಕದ ಕೋಷ್ಟಕ ಮುಂದೆ ಬಂದಾಗ ಸದಸ್ಯರು ಮೊದಲು ಕೇಳಬೇಕಾದುದು ಆಧಾರ ವರ್ಷ ಯಾವುದು ಎಂದು. ಬಳಿಕ ಅದರ ಹಿಂದಿನ ಅಥವಾ ಮುಂದಿನ ವರ್ಷವನ್ನು ನೂರು ಎಂದಿಟ್ಟು ಮತ್ತೊಮ್ಮೆ ಲೆಕ್ಕ ಹಾಕಿಸಬೇಕು. ಉತ್ತರ ಹೆಚ್ಚು ಬದಲಾಗದಿದ್ದರೆ ನಂಬಬಹುದು. ಬಹಳ ಬದಲಾದರೆ ಆ ನಡುವೆ ಏನೋ ವಿಶೇಷ ನಡೆದಿದೆ ಎಂದರ್ಥ. ಅದನ್ನು ಕಂಡುಹಿಡಿದು ಬರೆಯಬೇಕು.

ಪಂಚಾಯಿತಿಯ ಸ್ವಂತ ಲೆಕ್ಕಕ್ಕೂ ಇದು ಅನ್ವಯಿಸುತ್ತದೆ. ಉದಾಹರಣೆಗೆ, ಎಂದಿನಂತೆ ಎರಡು ಲಕ್ಷ ತೆರಿಗೆ ವಸೂಲಾಗುವ ಪಂಚಾಯಿತಿಯಲ್ಲಿ ಬರಗಾಲದ ವರ್ಷ ಎಂಬತ್ತು ಸಾವಿರ ಮಾತ್ರ ಬಂದಿತೆಂದು ಭಾವಿಸೋಣ. ಆ ವರ್ಷವನ್ನು ನೂರು ಎಂದರೆ, ಮರುವರ್ಷ ಹಳೆಯ ಎರಡು ಲಕ್ಷಕ್ಕೆ ಮರಳಿದಾಗ ಸೂಚ್ಯಂಕ 250 ಎಂದು ತೋರಿಸುತ್ತದೆ. ವಾಸ್ತವದಲ್ಲಿ ಒಂದು ರೂಪಾಯಿಯೂ ಹೊಸದಾಗಿ ಬೆಳೆದಿಲ್ಲ. ಸಾಮಾನ್ಯ ವರ್ಷವನ್ನೇ, ಇಲ್ಲವೇ ಮೂರು ವರ್ಷಗಳ ಸರಾಸರಿಯನ್ನು ಆಧಾರವಾಗಿ ಇಟ್ಟುಕೊಳ್ಳುವುದು ಲೇಸು.

ಅಂಶವೂ ಶೇಕಡಾವೂ ಒಂದಲ್ಲ

ಕೂಲಿಯ ಸೂಚ್ಯಂಕ 2023-24ರಲ್ಲಿ 126.9, 2025-26ರಲ್ಲಿ 148.6. ವ್ಯತ್ಯಾಸ 21.7. ಇದನ್ನು ನೋಡಿ ಎರಡು ವರ್ಷದಲ್ಲಿ ಕೂಲಿ ಶೇಕಡಾ 21.7 ಏರಿತು ಎಂದು ಹೇಳಿದರೆ ತಪ್ಪಾಗುತ್ತದೆ. 21.7 ಎಂಬುದು ಅಂಶಗಳ ವ್ಯತ್ಯಾಸ. ಶೇಕಡಾವಾರು ಏರಿಕೆ ಬೇಕಾದರೆ 148.6ನ್ನು 126.9ರಿಂದ ಭಾಗಿಸಬೇಕು, ಆಗ ಶೇಕಡಾ 17.1 ಎಂದು ಬರುತ್ತದೆ. ಮೂಲ ದರಗಳಾದ 316 ಹಾಗೂ 370ರಿಂದ ಲೆಕ್ಕ ಮಾಡಿದರೂ ಇದೇ ಉತ್ತರ. ಆಧಾರ ವರ್ಷಕ್ಕೆ ಹೋಲಿಸುವಾಗ ಮಾತ್ರ ಅಂಶವೂ ಶೇಕಡಾವೂ ಒಂದೇ ಆಗಿರುತ್ತವೆ. ಸೂಚ್ಯಂಕ 148.6 ಎಂದರೆ ಆಧಾರ ವರ್ಷಕ್ಕಿಂತ ಶೇಕಡಾ 48.6 ಹೆಚ್ಚು ಎಂದು ನೇರವಾಗಿ ಓದಬಹುದು.

ಗಡಿ ಬದಲಾದ ತಾಲ್ಲೂಕುಗಳ ಅಂಕಿ

ನಮ್ಮ ಭಾಗಕ್ಕೆ ವಿಶೇಷವಾಗಿ ಸಂಬಂಧಿಸಿದ ಒಂದು ಎಚ್ಚರಿಕೆ ಇದೆ. ಯಡ್ರಾಮಿಯು ಜೇವರ್ಗಿ ತಾಲ್ಲೂಕಿನಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಹಳೆಯ ದಾಖಲೆಗಳಲ್ಲಿ ಜೇವರ್ಗಿ ಎಂದರೆ ಇಂದಿನ ಎರಡೂ ತಾಲ್ಲೂಕುಗಳ ಊರುಗಳು ಸೇರಿವೆ. ಹೊಸ ದಾಖಲೆಗಳಲ್ಲಿ ಉಳಿದ ಊರುಗಳು ಮಾತ್ರ ಇವೆ. ಹಳೆಯ ಜೇವರ್ಗಿಯನ್ನು ನೂರು ಎಂದಿಟ್ಟು ಅಫಜಲಪುರ, ಆಳಂದಗಳೊಡನೆ ಹೋಲಿಸಿದರೆ, ಉದ್ಯೋಗ ಚೀಟಿಗಳೇ ಇರಲಿ, ತೊಗರಿ ಬಿತ್ತನೆಯ ಕ್ಷೇತ್ರವೇ ಇರಲಿ, ಜೇವರ್ಗಿಯಲ್ಲಿ ಒಮ್ಮೆಗೇ ಕುಸಿದಂತೆ ಕಾಣುತ್ತದೆ. ಅದು ಕುಸಿತವಲ್ಲ, ವಿಭಜನೆ.

ಇದನ್ನು ಸರಿಪಡಿಸಲು ಎರಡು ದಾರಿಗಳಿವೆ. ಮೊದಲನೆಯದು, ವಿಭಜನೆಯ ನಂತರದ ವರ್ಷಗಳಲ್ಲಿ ಜೇವರ್ಗಿ ಹಾಗೂ ಯಡ್ರಾಮಿಯ ಅಂಕಿಗಳನ್ನು ಕೂಡಿಸಿ ಒಂದೇ ಸರಣಿಯಾಗಿ ನೋಡುವುದು. ಎರಡನೆಯದು, ಈಗ ಯಡ್ರಾಮಿಗೆ ಸೇರಿದ ಗ್ರಾಮ ಪಂಚಾಯಿತಿಗಳ ಹಳೆಯ ಅಂಕಿಗಳನ್ನು ಒಂದೊಂದಾಗಿ ಹೆಕ್ಕಿ ಕೂಡಿಸಿ ಆಧಾರ ವರ್ಷದ ಮೊತ್ತವನ್ನು ಪಡೆಯುವುದು. ಎರಡನೆಯದಕ್ಕೆ ಶ್ರಮ ಹೆಚ್ಚು, ಆದರೆ ಯಡ್ರಾಮಿಯ ನಿಜವಾದ ಬೆಳವಣಿಗೆ ತಿಳಿಯುವುದು ಅದರಿಂದಲೇ. ಗ್ರಾಮ ಪಂಚಾಯಿತಿಗಳ ಗಡಿ ಬದಲಾದಲ್ಲಿಯೂ ಇದೇ ಕ್ರಮವನ್ನು ಅನುಸರಿಸತಕ್ಕದ್ದು.

ಸಭೆಯ ಮುಂದೆ ಇಡುವಾಗ

ಸೂಚ್ಯಂಕವು ವೇಗವನ್ನು ಹೇಳುತ್ತದೆ, ಮಟ್ಟವನ್ನು ಹೇಳುವುದಿಲ್ಲ. ಒಂದು ಪಂಚಾಯಿತಿಯ ತೆರಿಗೆ ಸೂಚ್ಯಂಕ 180, ನೆರೆಯದು 120 ಇದ್ದ ಮಾತ್ರಕ್ಕೆ ಮೊದಲನೆಯದರಲ್ಲಿ ಹಣ ಹೆಚ್ಚು ಎಂದಾಗದು. ಅದು ಬಹಳ ಕಡಿಮೆಯಿಂದ ಆರಂಭಿಸಿರಬಹುದು. ಆದುದರಿಂದ ಸೂಚ್ಯಂಕದ ಕೋಷ್ಟಕವನ್ನು ಒಂಟಿಯಾಗಿ ಮಂಡಿಸದೆ, ಮೂಲ ಅಂಕಿಗಳ ಕೋಷ್ಟಕವನ್ನು ಅದರ ಮೇಲೆ ಕೊಡಬೇಕು. ಆಧಾರ ವರ್ಷ, ಅದನ್ನು ಆರಿಸಿದ ಕಾರಣ ಮತ್ತು ಅಂಕಿಗಳು ಯಾವ ದಾಖಲೆಯವು ಎಂಬುದನ್ನು ಕೆಳಗೆ ಒಂದು ಸಾಲಿನಲ್ಲಿ ನಮೂದಿಸಬೇಕು.

ಹೀಗೆ ಮಾಡಿದಲ್ಲಿ ಆರಂಭದ ಪ್ರಶ್ನೆಗೆ ಗ್ರಾಮ ಸಭೆಯಲ್ಲಿ ಈ ರೀತಿ ಉತ್ತರಿಸಬಹುದು: 2018-19ರಿಂದ 2025-26ರವರೆಗೆ ಕೂಲಿ ದರವು ತೊಗರಿಯ ಬೆಂಬಲ ಬೆಲೆಗಿಂತ ಹೆಚ್ಚು ವೇಗವಾಗಿ ಏರಿದೆ, ಆದರೆ ಜೋಳದ ಬೆಂಬಲ ಬೆಲೆಗಿಂತ ಸ್ವಲ್ಪ ಹಿಂದೆ ಉಳಿದಿದೆ, 2017-18ರಿಂದ ಎಣಿಸಿದರೆ ಬಹಳವೇ ಹಿಂದೆ ಉಳಿದಿದೆ, ಅದಕ್ಕೆ 2018-19ರ ಜೋಳದ ಬೆಲೆ ಏರಿಕೆ ಕಾರಣ.