ಬ್ಯಾಟರಿ ಅಗ್ಗವಾಗುವ ಮುನ್ನ

ಬೆಂಗಳೂರಿನ ರೇವಾ ವಿದ್ಯುತ್ ಕಾರು 2001ರಲ್ಲೇ ರಸ್ತೆಗಿಳಿಯಿತು. ಅದರಲ್ಲಿದ್ದದ್ದು ಸೀಸ-ಆಮ್ಲದ ಭಾರವಾದ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಟ. ಕಲ್ಪನೆ ಸರಿಯಿತ್ತು, ಕಾಲ ಕೂಡಿರಲಿಲ್ಲ.

ಇಂಥ ಉದ್ಯಮಕ್ಕೆ ಕೈಹಾಕುವವರು ಮುಂದಿನ ಇಪ್ಪತ್ತು ವರ್ಷಗಳ ಬಗ್ಗೆ ಒಂದೇ ಭವಿಷ್ಯ ನುಡಿಯುವುದಿಲ್ಲ. ಮೂರ್ನಾಲ್ಕು ಸಂಭವನೀಯ ಚಿತ್ರಗಳನ್ನು ಬರೆದುಕೊಳ್ಳುತ್ತಾರೆ. ಒಂದರಲ್ಲಿ ಬ್ಯಾಟರಿ ಬೇಗ ಅಗ್ಗವಾಗುತ್ತದೆ, ಇನ್ನೊಂದರಲ್ಲಿ ನಿಧಾನವಾಗಿ. ಮತ್ತೊಂದರಲ್ಲಿ ಪೆಟ್ರೋಲೇ ಅಗ್ಗವಾಗಿ ಉಳಿಯುತ್ತದೆ. ಬಳಿಕ ಕೇಳಬೇಕಾದ ಪ್ರಶ್ನೆ: ಯಾವ ಒಂದು ಸಂಗತಿ ಬದಲಾಗದಿದ್ದರೆ ವ್ಯಾಪಾರವೇ ನಡೆಯದು? ಇಲ್ಲಿ ಅದು ಪ್ರತಿ ಯೂನಿಟ್ ವಿದ್ಯುತ್ ಹಿಡಿದಿಡುವ ಬ್ಯಾಟರಿಯ ಬೆಲೆ.

ಲಿಥಿಯಂ ಬ್ಯಾಟರಿಯ ಬೆಲೆ 2010ರ ನಂತರ ಬಹುತೇಕ ಪ್ರತಿ ವರ್ಷವೂ ಇಳಿಯಿತು. ಇಳಿಕೆ ನಿಧಾನವಾದರೂ ಮೊದಲು ಗೆಲ್ಲುವುದು ಚಿಕ್ಕ ಬ್ಯಾಟರಿ ಸಾಕಾಗುವ ವಾಹನ. ಕಾರಿಗೆ ಹತ್ತಾರು ಯೂನಿಟ್ ಬೇಕು, ಸ್ಕೂಟರಿಗೆ ಎರಡು-ಮೂರು ಸಾಕು. 2013ರಲ್ಲಿ ಆರಂಭವಾದ ಏಥರ್ ಸ್ಕೂಟರನ್ನೇ ಆರಿಸಿಕೊಂಡು, 2018ರಲ್ಲಿ ಬೆಂಗಳೂರಿನಲ್ಲಿ ಮಾರಾಟ ಶುರುಮಾಡಿತು. ಕಾರಿಗೆ ತೀರಾ ಬೇಗವಾದ ಕಾಲ ಸ್ಕೂಟರಿಗೆ ತುಸುವೇ ಬೇಗ.

ಆ 'ತುಸು'ವನ್ನು ಅಳೆಯುವ ಬಗೆ ಸರಳ. ನಿಧಾನದ ಚಿತ್ರದಲ್ಲಿ ಬೆಲೆ ಇಳಿಯಲು ಬೇಕಾದ ವರ್ಷಗಳನ್ನು ಕೈಯಲ್ಲಿರುವ ಹಣ ಉಳಿಯುವ ವರ್ಷಗಳೊಡನೆ ಹೋಲಿಸಬೇಕು. ಹಣ ಮೊದಲು ಮುಗಿಯುವಂತಿದ್ದರೆ ಅದು ತೀರಾ ಬೇಗ.