ಅಪ್‌ಲೋಡ್ ಮಾಡಿದ ಫೋಟೋ ಅಡ್ಡ ಬೀಳುವುದೇಕೆ?

ಮೊಬೈಲಿನಲ್ಲಿ ನೆಟ್ಟಗಿದ್ದ ಮುಖ ಆನ್‌ಲೈನ್ ಅರ್ಜಿಗೆ ಏರಿದೊಡನೆ ಎಡಕ್ಕೆ ತಲೆ ಹಾಕಿ ಮಲಗಿಬಿಡುತ್ತದೆ. ಸೈಬರ್ ಸೆಂಟರಿನವರು ಅಳಿಸಿ ಮತ್ತೆ ಏರಿಸುತ್ತಾರೆ. ಮತ್ತೆ ಅದೇ ಭಂಗಿ. ಫೋನ್ ತೆಗೆದು ನೋಡಿದರೆ ಫೋಟೋ ಸರಿಯಾಗಿಯೇ ಇದೆ. ನಿಜ ಏನೆಂದರೆ, ಆ ಫೋಟೋ ಫೋನಿನೊಳಗೂ ಮಲಗಿಯೇ ಇತ್ತು.

ಫೋನಿನ ಕ್ಯಾಮೆರಾದೊಳಗಿನ ಸೆನ್ಸರ್ ಅಗಲವಾದ ಒಂದು ಆಯತ. ಅದು ಅಲುಗಾಡದಂತೆ ಕೂತಿರುತ್ತದೆ, ತನ್ನ ಸಾಲುಗಳನ್ನು ಯಾವಾಗಲೂ ಅಗಲದ ದಿಕ್ಕಿನಲ್ಲೇ ಓದುತ್ತದೆ. ಬಹಳಷ್ಟು 12 ಮೆಗಾಪಿಕ್ಸೆಲ್ ಕ್ಯಾಮೆರಾಗಳಲ್ಲಿ ಈ ಚಿತ್ರದ ಅಳತೆ 4032 ಅಗಲ, 3024 ಎತ್ತರ. ಫೋನನ್ನು ಉದ್ದುದ್ದ ಹಿಡಿದರೆ ಎದುರಿಗಿರುವವರು ಸೆನ್ಸರಿನ ಮೇಲೆ ಅಡ್ಡಡ್ಡ ಮೂಡುತ್ತಾರೆ. ಆ ಕ್ಷಣದಲ್ಲಿ ಭೂಮಿ ಯಾವ ಕಡೆಗಿದೆ ಎಂಬುದು ಫೋನಿನ ಆಕ್ಸಿಲರೋಮೀಟರಿಗೆ ಗೊತ್ತು. ಆದರೂ ಫೋನ್ ಸಾಮಾನ್ಯವಾಗಿ ಸುಮಾರು 1.2 ಕೋಟಿ ಪಿಕ್ಸೆಲ್‌ಗಳನ್ನು ತಿರುಗಿಸಿ ಜೋಡಿಸಲು ಹೋಗುವುದಿಲ್ಲ. ಫೈಲಿನ ತಲೆಭಾಗದಲ್ಲಿ ಒಂದು ಅಂಕಿ ಬರೆದು ಕೈತೊಳೆದುಕೊಳ್ಳುತ್ತದೆ.

ಆ ಅಂಕಿ ಕೂರುವ ಜಾಗದ ಹೆಸರು Orientation. ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘಟನೆಯೊಂದು 1995ರಲ್ಲಿ ರೂಪಿಸಿದ ಎಕ್ಸಿಫ್ ಎಂಬ ಮಾನದಂಡದಲ್ಲಿ ಅದಕ್ಕೆ 1ರಿಂದ 8ರವರೆಗೆ ಬೆಲೆಗಳಿವೆ. 1 ಎಂದರೆ ಇದ್ದ ಹಾಗೇ ತೋರಿಸು. 3 ಎಂದರೆ ತಲೆಕೆಳಗಾಗಿದೆ, ತಿರುಗಿಸು. 6 ಎಂದರೆ ಬಲಕ್ಕೆ ಕಾಲು ಸುತ್ತು, 8 ಎಂದರೆ ಎಡಕ್ಕೆ ಕಾಲು ಸುತ್ತು. ಉಳಿದ ನಾಲ್ಕು ಕನ್ನಡಿಯ ಬಿಂಬದಂತೆ ಮಗುಚಿದ ಚಿತ್ರಗಳಿಗೆ. ಅವು ಕಾಣಸಿಗುವುದು ಅಪರೂಪ. ಉದ್ದುದ್ದ ಹಿಡಿದು ತೆಗೆದ ಫೋಟೋದಲ್ಲಿ ಹೆಚ್ಚಾಗಿ ಇರುವುದು 6. ಅದನ್ನು ಓದದ ತಂತ್ರಾಂಶದ ಕೈಗೆ ಸಿಕ್ಕರೆ ತಲೆ ಎಡಕ್ಕೆ ಬೀಳುತ್ತದೆ. ಬಲಕ್ಕೆ ಬಿದ್ದಿದ್ದರೆ ಓದದೆ ಬಿಟ್ಟದ್ದು 8.

ಅಳತೆ ಕೆಡುವುದೂ ಇದೇ ಕಾರಣಕ್ಕೆ, ಆದರೆ ಸ್ವಲ್ಪ ಬಳಸುದಾರಿಯಲ್ಲಿ. ಅರ್ಜಿಯ ಸರ್ವರ್ ಪ್ರತಿ ಫೋಟೋವನ್ನೂ 600 ಅಗಲಕ್ಕೆ ಇಳಿಸುತ್ತದೆ ಎಂದಿಟ್ಟುಕೊಳ್ಳೋಣ. 4032 ಗುಣಿಸು 3024ರ ಫೈಲು ಬಂತು, ಜೊತೆಗೆ 6. ಅಂಕಿಯನ್ನು ನೋಡದೆ ಅಗಲವನ್ನಷ್ಟೇ ಅಳೆದ ಸರ್ವರ್ 600 ಗುಣಿಸು 450ರ ಚಿತ್ರ ಮಾಡುತ್ತದೆ. ಆಗಬೇಕಿದ್ದುದು 600 ಗುಣಿಸು 800. ಹೊಸ ಫೈಲಿಗೆ ಅಂಕಿಯನ್ನು ನಕಲು ಮಾಡದಿದ್ದರೆ ಮುಖ ಶಾಶ್ವತವಾಗಿ ಅಡ್ಡ. ತಿರುಗಿಸಬೇಕೆಂಬ ಸುಳಿವೇ ಈಗ ಉಳಿದಿಲ್ಲ. ನಕಲು ಮಾಡಿದರೆ ಬ್ರೌಸರ್ ಅದನ್ನು ತಿರುಗಿಸುತ್ತದೆ, ಆದರೆ ಅಗಲ 450ಕ್ಕೆ ಕುಗ್ಗಿ ಚೌಕಟ್ಟಿನಲ್ಲಿ ಖಾಲಿ ಜಾಗ ಉಳಿಯುತ್ತದೆ. ಇನ್ನೂ ಕೆಟ್ಟದ್ದು, ಪುಟದಲ್ಲಿ 600 ಅಗಲ 450 ಎತ್ತರ ಎಂದು ಮೊದಲೇ ಬರೆದಿಟ್ಟಿರುವುದು. ಆಗ ತಿರುಗಿದ ಚಿತ್ರವನ್ನು ಆ ಅಳತೆಗೆ ಹಿಗ್ಗಿಸಲಾಗುತ್ತದೆ, ಮುಖ ಅಪ್ಪಚ್ಚಿಯಾದ ಚಪಾತಿಯಂತೆ ಅಗಲವಾಗುತ್ತದೆ.

ತಿದ್ದಲು ಹೋದವರು ಎಡವುವ ಜಾಗ ಬೇರೆ. ತಂತ್ರಾಂಶ ಪಿಕ್ಸೆಲ್‌ಗಳನ್ನು ತಿರುಗಿಸಿ, ಅಂಕಿಯನ್ನು ಮಾತ್ರ 6 ಎಂದೇ ಬಿಟ್ಟರೆ, ಮುಂದೆ ಅದನ್ನು ತೆರೆಯುವ ಪ್ರತಿ ತಂತ್ರಾಂಶವೂ ಇನ್ನೊಂದು ಕಾಲು ಸುತ್ತು ತಿರುಗಿಸುತ್ತದೆ. ಸರಿಯಾದ ಕ್ರಮ ಇಷ್ಟೇ: ಮೊದಲು ಅಂಕಿ ಓದಿ ತಿರುಗಿಸಬೇಕು, ಆಮೇಲೆ ಅಳೆದು ಕುಗ್ಗಿಸಬೇಕು, ಅಂಕಿಯನ್ನು 1ಕ್ಕೆ ಇಳಿಸಬೇಕು. ಇಮೇಜ್‌ಮ್ಯಾಜಿಕ್ ಎಂಬ ಉಚಿತ ಸಾಧನದಲ್ಲಿ ಇದು ಒಂದೇ ಸಾಲಿನ ಕೆಲಸ:

```
magick in.jpg -auto-orient -resize 600x out.jpg
```

ಫೈಲಿನಲ್ಲಿ ಯಾವ ಅಂಕಿ ಇದೆ ಎಂದು ನೋಡಲು ಎಕ್ಸಿಫ್‌ಟೂಲ್ ಸಾಕು:

```
exiftool -n -Orientation in.jpg
```

ವೆಬ್ ಪುಟಗಳಲ್ಲಿ ಈ ಕಾಟ ಈಗ ಕಡಿಮೆ. 2019ರ ವರ್ಡ್‌ಪ್ರೆಸ್ 5.3 ಆವೃತ್ತಿ ಅಪ್‌ಲೋಡ್ ಹೊತ್ತಿನಲ್ಲೇ ಚಿತ್ರ ತಿರುಗಿಸಲು ಕಲಿತಿತು. 2020ರಲ್ಲಿ ಬಂದ ಕ್ರೋಮ್ 81 ಪುಟದೊಳಗಿನ ಚಿತ್ರಗಳಿಗೂ ಈ ಅಂಕಿಯನ್ನು ತಾನಾಗಿಯೇ ಪಾಲಿಸತೊಡಗಿತು. ಹಳೆಯ ಸರ್ವರ್ ತಂತ್ರಾಂಶಗಳದ್ದು ಮಾತ್ರ ಹಳೆಯ ಹಾಡೇ. ಪಿಎಚ್‌ಪಿಯ `imagecreatefromjpeg` ಇಂದಿಗೂ ಪಿಕ್ಸೆಲ್‌ಗಳನ್ನಷ್ಟೇ ಓದುತ್ತದೆ, ಅಂಕಿಯ ಗೊಡವೆಗೆ ಹೋಗುವುದಿಲ್ಲ. ಆ ಹೊಣೆ ಪ್ರೋಗ್ರಾಂ ಬರೆದವರದು.

ಅರ್ಜಿ ತುಂಬುವವರು ಇದನ್ನೆಲ್ಲ ಮಾಡುತ್ತ ಕೂರಲಾಗದು. ಗ್ಯಾಲರಿಯಲ್ಲಿ ತಿರುಗಿಸಿ ಉಳಿಸುವುದೂ ಎಲ್ಲ ಫೋನುಗಳಲ್ಲಿ ಫಲ ಕೊಡುವುದಿಲ್ಲ, ಏಕೆಂದರೆ ಕೆಲವು ಗ್ಯಾಲರಿಗಳು ಬದಲಿಸುವುದು ಅಂಕಿಯನ್ನು ಮಾತ್ರ. ಫೋಟೋ ನೆಟ್ಟಗೆ ಕಾಣುವಾಗ ಸ್ಕ್ರೀನ್‌ಶಾಟ್ ತೆಗೆದು, ಅಂಚು ಕತ್ತರಿಸಿ ಏರಿಸುವುದು ಒರಟು ಉಪಾಯವಾದರೂ ನಂಬಬಹುದಾದದ್ದು. ಅಲ್ಲಿ ಪಿಕ್ಸೆಲ್‌ಗಳೇ ನೆಟ್ಟಗೆ ನಿಂತಿರುತ್ತವೆ. ಸ್ಪಷ್ಟತೆ ತುಸು ತಗ್ಗುತ್ತದೆ, ಅಷ್ಟೆ.

ಒಂದು ಸಂದರ್ಭದಲ್ಲಂತೂ ಸರ್ವರ್ ನಿರಪರಾಧಿ. ಅಂಕಪಟ್ಟಿಯನ್ನೋ ಪಡಿತರ ಚೀಟಿಯನ್ನೋ ಮೇಜಿನ ಮೇಲಿಟ್ಟು ನೇರ ಮೇಲಿನಿಂದ ಕ್ಲಿಕ್ಕಿಸಿದಾಗ ಭೂಮಿಯ ಸೆಳೆತ ಫೋನಿನ ಬೆನ್ನ ಕಡೆಗಿರುತ್ತದೆ. ಯಾವ ಬದಿ ಮೇಲು, ಯಾವುದು ಕೆಳಗು ಎಂದು ಆಕ್ಸಿಲರೋಮೀಟರಿಗೆ ತಿಳಿಯದೆ ಅಂಕಿಯೇ ತಪ್ಪಾಗಿ ಬೀಳಬಹುದು. ಅಂಥ ಫೋಟೋ ಫೋನಿನ ಗ್ಯಾಲರಿಯಲ್ಲೇ ಅಡ್ಡ ಕಾಣುತ್ತದೆ. ಗುರುತು ಹಿಡಿಯುವುದು ಹಾಗೆ. ಫೋನನ್ನು ಒಮ್ಮೆ ನೆಟ್ಟಗೆತ್ತಿ, ಪರದೆಯ ಮೇಲಿನ ಚಿಹ್ನೆಗಳು ಸರಿಯಾದ ದಿಕ್ಕಿಗೆ ತಿರುಗಿದ ಮೇಲೆ ಕಾಗದದತ್ತ ಬಾಗಿಸಿ ಕ್ಲಿಕ್ಕಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.